ಎರಡು ಕರೆಗಳ ನಡುವೆ ಬದಲಾದ ಹುದ್ದೆ

ರಿಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗ ವಿವರಿಸಿದ ಹುದ್ದೆ, ಕೆಲವು ದಿನ ಬಿಟ್ಟು ಮಾಡಿದ ಎರಡನೆಯ ಕರೆಯಲ್ಲಿ ಬೇರೆಯೇ ರೂಪ ತಾಳುವುದು ಬೆಂಗಳೂರಿನ ಐಟಿ ನೇಮಕಾತಿಯಲ್ಲಿ ಅಪರೂಪವಲ್ಲ. ಅದರ ಹಿಂದೆ ಯಾವಾಗಲೂ ಮೋಸವೇ ಇರಬೇಕೆಂದಿಲ್ಲ. ಕರೆ ಮಾಡುವವರು ಎಷ್ಟೋ ಸಲ ಕಂಪನಿಯ ಎಚ್‌ಆರ್ ಅಲ್ಲ, ಹೊರಗಿನ ಕನ್ಸಲ್ಟೆನ್ಸಿಯವರು. ಒಂದೇ ಬಗೆಯ ಹಲವು ಹುದ್ದೆಗಳು ಒಟ್ಟಿಗೇ ಅವರ ಕೈಯಲ್ಲಿರುತ್ತವೆ. ಒಂದರ ವಿವರ ಇನ್ನೊಂದಕ್ಕೆ ಸೇರಿಹೋಗಬಹುದು. ನಡುವೆ ಕಂಪನಿಯೇ ಬಜೆಟ್ ಇಳಿಸಿರಬಹುದು, ಕಾಯಂ ಹುದ್ದೆಯನ್ನು ಗುತ್ತಿಗೆಗೆ ತಿರುಗಿಸಿರಬಹುದು. ಅಭ್ಯರ್ಥಿ ಸಂದರ್ಶನಕ್ಕೆ ಒಪ್ಪಲಿ ಎಂದು ಅನುಕೂಲವಾದದ್ದನ್ನಷ್ಟೇ ಮೊದಲು ಹೇಳುವವರೂ ಇದ್ದಾರೆ. ಇವುಗಳಲ್ಲಿ ಯಾವುದು ನಿಜವೆಂದು ಫೋನಿನಲ್ಲಿ ಪತ್ತೆ ಮಾಡುವುದು ಕಷ್ಟ. ಸದ್ಯ ಆ ಹುದ್ದೆಯ ವಿವರವೇನು ಎಂಬುದನ್ನು ಬರಹದಲ್ಲಿ ಪಡೆಯುವುದು ಅಷ್ಟು ಕಷ್ಟವಲ್ಲ.

ಐದು ವರ್ಷ ಅನುಭವದ ಒಬ್ಬ ಟೆಸ್ಟಿಂಗ್ ಎಂಜಿನಿಯರ್‌ಗೆ ಮೊದಲ ಕರೆಯಲ್ಲಿ ಹೀಗೆ ಹೇಳಲಾಯಿತು ಎಂದಿಟ್ಟುಕೊಳ್ಳೋಣ: ಕಂಪನಿಯದೇ ಪೇರೋಲ್, ವರ್ಷಕ್ಕೆ 18 ಲಕ್ಷ ಫಿಕ್ಸೆಡ್, ವಾರದಲ್ಲಿ ಎರಡು ದಿನ ಆಫೀಸು. ಎರಡನೆಯ ಕರೆಯಲ್ಲೂ 18 ಲಕ್ಷವೇ. ಆದರೆ ಈಗ ಅದು ಸಿಟಿಸಿ. ಅದರಲ್ಲಿ ಶೇ 15 ವೇರಿಯಬಲ್. ಪೇರೋಲ್ ಬೇರೊಂದು ಸಂಸ್ಥೆಯದು, ಅವಧಿ 12 ತಿಂಗಳು, ಆಫೀಸು ಐದೂ ದಿನ.

ಮೊತ್ತ ಬದಲಾಗದೆ ಹಣ ಹೇಗೆ ಕರಗುತ್ತದೆ ಎಂಬುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು. ವೇರಿಯಬಲ್ 2.7 ಲಕ್ಷ ಕಳೆದರೆ ಉಳಿಯುವುದು 15.3 ಲಕ್ಷ. ಬೇಸಿಕ್ 7.2 ಲಕ್ಷವಿದ್ದು, ಅದರ ಶೇ 12ರಷ್ಟು ಕಂಪನಿಯ ಪಿಎಫ್ ಪಾಲನ್ನೂ ಶೇ 4.81ರಷ್ಟು ಗ್ರಾಚ್ಯುಟಿಯನ್ನೂ ಸಿಟಿಸಿಯೊಳಗೇ ಸೇರಿಸಿದ್ದರೆ ಇನ್ನೂ ಸುಮಾರು 1.21 ಲಕ್ಷ ಹೋಗುತ್ತದೆ. ತಿಂಗಳಿಗೆ ಒಂದೂವರೆ ಲಕ್ಷವೆಂದು ಎಣಿಸಿದ್ದ ಸಂಬಳ, ತೆರಿಗೆ ಮತ್ತು ನೌಕರರ ಪಿಎಫ್ ಪಾಲು ಕಡಿತವಾಗುವ ಮೊದಲೇ, 1.17 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ‘ಪ್ಯಾಕೇಜ್ ಎಷ್ಟು’ ಎಂದು ಕೇಳಿದರೆ ಸಾಲದು. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಪಿಎಫ್ ಮತ್ತು ಗ್ರಾಚ್ಯುಟಿ ಒಳಗೋ ಹೊರಗೋ ಎಂದು ಬಿಡಿಸಿ ಕೇಳಬೇಕು.

ಕೇಳುವ ಮೇಲ್ ಚಿಕ್ಕದಿರಲಿ. ಅದರಲ್ಲಿ ದೂರಿನ ದನಿ ಬೇಡ. ‘ನೀವು ಮಾತು ಬದಲಿಸಿದಿರಿ’ ಎಂದರೆ ರಿಕ್ರೂಟರ್ ಸಮರ್ಥನೆಗೆ ಇಳಿಯುತ್ತಾರೆ, ವಿವರ ಅಲ್ಲೇ ಉಳಿಯುತ್ತದೆ. ಎರಡೂ ಕರೆಗಳ ದಿನಾಂಕ ನಮೂದಿಸಿ ಹೀಗೆ ಬರೆದರೆ ಸಾಕು: ‘ಮೊದಲ ಕರೆಯಲ್ಲಿ ಕಂಪನಿಯ ಪೇರೋಲ್, 18 ಲಕ್ಷ ಫಿಕ್ಸೆಡ್, ಎರಡು ದಿನ ಆಫೀಸು ಎಂದು ತಿಳಿದುಕೊಂಡಿದ್ದೆ. ನಿನ್ನೆಯ ಕರೆಯಲ್ಲಿ ಗುತ್ತಿಗೆ, ವೇರಿಯಬಲ್ ಸೇರಿ 18 ಲಕ್ಷ, ಐದು ದಿನ ಎಂದಿರಿ. ಈಗ ಅನ್ವಯಿಸುವುದು ಯಾವುದು? ಪೇರೋಲ್ ಯಾರದು, ಗುತ್ತಿಗೆಯಾದರೆ ಅವಧಿ ಎಷ್ಟು, ಸಂಬಳದ ವಿಂಗಡಣೆ, ಆಫೀಸು ಇರುವ ಜಾಗ ಮತ್ತು ಶಿಫ್ಟ್ ತಿಳಿಸಿ, ಇತ್ತೀಚಿನ ಜೆಡಿ ಕಳುಹಿಸಿ. ಅದನ್ನು ನೋಡಿ ಮುಂದುವರಿಯುತ್ತೇನೆ.’

ಕೊನೆಯ ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ರೆಸ್ಯೂಮೆಯನ್ನು ಕಂಪನಿಗೆ ಕಳುಹಿಸುವ ಮುನ್ನ ಹಲವು ಕನ್ಸಲ್ಟೆನ್ಸಿಗಳು ‘ಈ ಹುದ್ದೆಗೆ ನಿಮ್ಮ ಮೂಲಕವೇ ಅರ್ಜಿ ಹಾಕಲು ಒಪ್ಪಿದ್ದೇನೆ’ ಎಂಬ ಮೇಲ್ ಕೇಳುತ್ತವೆ. ಆ ಒಪ್ಪಿಗೆ ಹೋದ ಮೇಲೆ ಅದೇ ಹುದ್ದೆಗೆ ಬೇರೆ ದಾರಿಯಿಂದ ಅರ್ಜಿ ಹಾಕಿದರೆ ಎರಡೂ ತಿರಸ್ಕೃತವಾಗಬಹುದು. ಹಾಗಾಗಿ ವಿವರ ಕೇಳಲು ಒಳ್ಳೆಯ ಸಮಯ ಒಪ್ಪಿಗೆ ಕೊಡುವ ಮೊದಲು, ತಡವೆಂದರೆ ಮೊದಲ ಸುತ್ತಿನ ಸಂದರ್ಶನಕ್ಕೆ ಮೊದಲು.

ಬಂದ ಉತ್ತರವನ್ನು ನಿಧಾನವಾಗಿ ಓದಬೇಕು. ಕೇಳಿದ್ದಕ್ಕೆಲ್ಲ ಸಾಲುಸಾಲಾಗಿ ಉತ್ತರವಿದ್ದರೆ, ಶರತ್ತು ಹಿಡಿಸದಿದ್ದರೂ ತೀರ್ಮಾನ ಸುಲಭ. ಹಳೆಯ ಜೆಡಿಯನ್ನೇ ಮತ್ತೆ ಲಗತ್ತಿಸಿ ಪೇರೋಲ್ ಬಗ್ಗೆ ಸುಮ್ಮನಿದ್ದರೆ ಆ ಒಂದೇ ಪ್ರಶ್ನೆಯನ್ನು ಪುನಃ ಕೇಳಬೇಕು. ‘ಕಂಪನಿಯಿಂದ ಇನ್ನೂ ಖಚಿತವಾಗಿಲ್ಲ’ ಎಂಬುದೂ ಪ್ರಾಮಾಣಿಕ ಉತ್ತರವೇ. ಯಾವ ಅಂಶ ಖಚಿತವಾಗಿಲ್ಲ, ಯಾವಾಗ ತಿಳಿಯುತ್ತದೆ ಎಂದು ಕೇಳಿ ಕಾಯಬಹುದು. ಬರೆಯುವ ಬದಲು ಮತ್ತೆ ಫೋನ್ ಬಂದರೆ, ಮಾತು ಮುಗಿದ ಕೂಡಲೇ ಕೇಳಿಸಿಕೊಂಡದ್ದನ್ನು ಅಭ್ಯರ್ಥಿಯೇ ಬರೆದು ‘ತಪ್ಪಿದ್ದರೆ ತಿದ್ದಿ’ ಎಂದು ಕಳುಹಿಸಬಹುದು. ಆದರೆ ಅದಕ್ಕೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದು ತಿಳಿಯುವಂತಿಲ್ಲ.

ಎಷ್ಟೇ ಸ್ಪಷ್ಟವಾಗಿದ್ದರೂ ಕನ್ಸಲ್ಟೆನ್ಸಿಯ ಮೇಲ್ ಕೆಲಸದ ಭರವಸೆಯಲ್ಲ. ಸಂಬಳವನ್ನೂ ಶರತ್ತುಗಳನ್ನೂ ನಿಗದಿ ಮಾಡುವವರು ಪೇರೋಲ್ ನಡೆಸುವ ಸಂಸ್ಥೆಯವರು. ಅವರ ಮಾತು ಬರುವುದು ಆಫರ್ ಲೆಟರ್‌ನಲ್ಲಿ. ಅದು ಕೈಸೇರಿದಾಗ ಈ ಮೇಲ್ ಜೊತೆಗಿಟ್ಟು ಪ್ರತಿ ಅಂಶವನ್ನೂ ಹೋಲಿಸಬೇಕು. 90 ದಿನಗಳ ನೋಟಿಸ್ ಇರುವವರು ಆ ಹೋಲಿಕೆ ಮುಗಿಯುವ ತನಕ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡದಿರುವುದು ಕ್ಷೇಮ. ಒಮ್ಮೆ ಕೊಟ್ಟ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲು ಹಳೆಯ ಕಂಪನಿ ಒಪ್ಪಲೇಬೇಕೆಂದಿಲ್ಲ.