ಸೀಟಿನಡಿಯ ಗುಂಯ್‌ಗುಟ್ಟುವಿಕೆ

ಸಿಗ್ನಲ್‌ನಲ್ಲಿ ನಿಂತಾಗ ಕಾರಿನ ಹಿಂಬದಿ ಸೀಟಿನ ಕೆಳಗಿನಿಂದ ಸೊಳ್ಳೆ ಕಿವಿಯ ಹತ್ತಿರ ಬಂದಂಥ ‘ಗುಂಯ್’ ಸದ್ದು ಕೇಳಿಸುತ್ತಿತ್ತು. ಚಕ್ರದ ಬೇರಿಂಗ್ ಸದ್ದಾಗಿದ್ದರೆ ಗಾಡಿ ನಿಂತ ಕೂಡಲೇ ನಿಲ್ಲಬೇಕಿತ್ತು, ಇದು ನಿಲ್ಲಲಿಲ್ಲ. ಟ್ಯಾಂಕ್ ತುಂಬಿಸಿದ ದಿನ ಸದ್ದಿಲ್ಲ. ಮುಳ್ಳು ಕಾಲು ಭಾಗಕ್ಕಿಂತ ಕೆಳಗಿಳಿದರೆ ಮತ್ತೆ ಹಾಜರು.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಇಂಧನ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಅದರ ಮೋಟಾರಿನ ಮೈಯೊಳಗಿಂದಲೇ ಪೆಟ್ರೋಲ್ ಹರಿದುಹೋಗುತ್ತದೆ. ಅದನ್ನು ತಣ್ಣಗಿಡುವುದೂ ಸವೆಯದಂತೆ ನೋಡಿಕೊಳ್ಳುವುದೂ ಆ ಪೆಟ್ರೋಲೇ. ಸುತ್ತ ಪೆಟ್ರೋಲ್ ತುಂಬಿದ್ದರೆ ಮೋಟಾರಿನ ಸದ್ದೂ ಅದರಲ್ಲೇ ಅಡಗುತ್ತದೆ. ಮಟ್ಟ ಇಳಿದಾಗ ಟ್ಯಾಂಕ್ ಖಾಲಿ ಕೊಡದ ಹಾಗೆ ಮೊಳಗುತ್ತದೆ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದರೆ ಪಂಪ್ ಗಾಳಿಯನ್ನೂ ಹೀರಬಹುದು. ಹಾಗಾಗಿ ಖಾಲಿ ಟ್ಯಾಂಕಿನಲ್ಲಿ ತುಸು ಸದ್ದು ಬಂದ ಮಾತ್ರಕ್ಕೆ ಪಂಪ್ ಮುಗಿಯಿತು ಎನ್ನಲಾಗದು. ಹಿಂದೆ ಇಲ್ಲದ ಸದ್ದು ಈಗ ಶುರುವಾಗಿ ವಾರದಿಂದ ವಾರಕ್ಕೆ ಏರಿದರೆ ಮಾತ್ರ ಅನುಮಾನ ಸರಿ.

ನನ್ನದು ಏರುತ್ತಲೇ ಇತ್ತು. ಜತೆಗೆ ಘಾಟಿ ಹತ್ತುವಾಗ ಎಳೆತವೂ ಕಡಿಮೆಯಾಗಿತ್ತು. ‘ಪಂಪ್ ಬದಲಿಸಿಬಿಡಿ’ ಎಂದೆ. ‘ತಡೀರಿ ಸಾರ್, ಮೊದಲು ಪ್ರೆಶರ್ ನೋಡೋಣ’ ಎಂದರು ಮೆಕ್ಯಾನಿಕ್.

ಪೈಪಿಗೆ ಗೇಜ್ ಸಿಕ್ಕಿಸಿದರು. ಆ ಕಾರಿಗೆ 3.5 ಬಾರ್ ಇರಬೇಕು. ಐಡಲ್‌ನಲ್ಲಿ 3.4 ತೋರಿಸಿತು. ನಾನು ಸಮಾಧಾನಪಡುವಷ್ಟರಲ್ಲಿ ಅವರು ಗಾಡಿಯನ್ನು ರಸ್ತೆಗಿಳಿಸಿ, ಏರಿನಲ್ಲಿ ಜೋರಾಗಿ ಆಕ್ಸಲರೇಟರ್ ಒತ್ತಿದರು, ಮುಳ್ಳು 2.6ಕ್ಕೆ ಕುಸಿಯಿತು. ಐಡಲ್‌ನಲ್ಲಿ ಎಂಜಿನ್ನಿಗೆ ಬೇಕಾಗುವುದೇ ಸ್ವಲ್ಪ, ದಣಿದ ಪಂಪೂ ಅಷ್ಟನ್ನು ಪೂರೈಸುತ್ತದೆ. ನಿಜ ಗೊತ್ತಾಗುವುದು ಎಂಜಿನ್ ಹೆಚ್ಚು ಕೇಳಿದಾಗ. ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ 13.6 ಇತ್ತು, ಅಂದರೆ ವೈರಿಂಗ್ ತಪ್ಪಿಲ್ಲ.

ಸೀಟು ಎತ್ತಿ, ಪೈಪಿನ ಒತ್ತಡ ಇಳಿಸಿ, ಬ್ಯಾಟರಿ ಕಳಚಿ ಪಂಪನ್ನು ಹೊರತೆಗೆದರು. (ಪೆಟ್ರೋಲ್ ಆವಿ ಒಂದು ಕಿಡಿಗೆ ಕಾದಿರುತ್ತದೆ, ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ.) ಪಂಪಿನ ಬಾಯಿಗೆ ಕಾಲುಚೀಲದಂಥ ಒಂದು ಜಾಲರಿ ಇರುತ್ತದೆ, ಸ್ಟ್ರೈನರ್. ಹೊಸದರಲ್ಲಿ ಬಿಳಿಯಾಗಿರುವ ಅದು ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಉಸಿರುಕಟ್ಟಿದ ಪಂಪ್ ಎಳೆದಾಡುತ್ತಿತ್ತು, ಅದೇ ಗುಂಯ್.

ಟ್ಯಾಂಕಿನ ತಳ ಒರೆಸಿ ಹೊಸ ಜಾಲರಿ ಹಾಕಿ ಅದೇ ಏರಿಗೆ ಹೋದೆವು: 3.3. ಅಲ್ಲಿಂದ ಕೆಳಗಿಳಿಯಲಿಲ್ಲ. ಇನ್ನೂ 2.6ರಲ್ಲೇ ಇದ್ದಿದ್ದರೆ ಹೊಸ ಪಂಪೇ ಗತಿಯಾಗುತ್ತಿತ್ತು. ಸದ್ದು ಪೂರ್ತಿ ಹೋಗಿಲ್ಲ, ಕಸ ಎಳೆದು ಪಂಪೂ ತುಸು ಸವೆದಿರಬೇಕು. ಕಾಲು ಟ್ಯಾಂಕ್ ಉಳಿದಾಗ ಬಂಕಿನತ್ತ ತಿರುಗುತ್ತೇನೆ. ಆರು ತಿಂಗಳ ನಂತರ ಮತ್ತೊಮ್ಮೆ ಗೇಜ್ ಹಾಕಿಸಬೇಕೆಂದಿದೆ.