ತಡೆಗಳ ಎಣಿಕೆ ಮತ್ತು ತಡೆಗಳ ಬೆಲೆ: ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟನ್ನು ಕುರಿತು

1

ಹೊಸಪೇಟೆಯ ಬಳಿ ತುಂಗಭದ್ರಾ ನದಿಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟು 1953ರಲ್ಲಿ ಬಳಕೆಗೆ ಬಂದಿತು. ಅದರ ಕೋಡಿಯ ಮೇಲೆ 33 ಗೇಟುಗಳಿಗೆ ಸ್ಥಾನವುಂಟು. ಪ್ರತಿಯೊಂದು ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಜಲಾಶಯವು 1633 ಅಡಿಗಳ ಪೂರ್ಣಮಟ್ಟಕ್ಕೆ ತುಂಬಿದಾಗ ಒಂದೊಂದು ಗೇಟನ್ನು ನೀರು ಸುಮಾರು 340 ಟನ್ ಬಲದಿಂದ ಒತ್ತುತ್ತದೆ. ಈ ಒತ್ತಡವನ್ನು ತಾಳುವವು ಇಕ್ಕೆಲದ ಕಲ್ಲುಕಂಬಗಳು. ಗೇಟಿನ ಸ್ವಂತ ಭಾರವನ್ನೂ, ಅದನ್ನು ಏರಿಸಿ ಇಳಿಸುವಾಗ ಒತ್ತಡದಿಂದ ಹುಟ್ಟುವ ಘರ್ಷಣೆಯನ್ನೂ ಹೊರುವುದು ಸರಪಳಿ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ಹೆಚ್ಚುಕಡಿಮೆ ಪೂರ್ಣವಾಗಿ ತುಂಬಿದ್ದಾಗ, 19ನೆಯ ಗೇಟಿನ ಸರಪಳಿಯ ಕೊಂಡಿಯೊಂದು ತುಂಡಾಗಿ ಗೇಟು ನೀರಿನೊಡನೆ ಕೊಚ್ಚಿಹೋಯಿತು. ಉಳಿದ ಗೇಟುಗಳನ್ನೂ ತೆರೆದು ನದಿಗೆ ಸುಮಾರು ಒಂದು ಲಕ್ಷ ಕ್ಯೂಸೆಕ್ಸ್ ನೀರನ್ನು ಬಿಡಬೇಕಾಯಿತು. ಪ್ರಾಣಹಾನಿಯಾಗಲಿಲ್ಲ. ಅಣೆಕಟ್ಟಿನ ಒಡಲು ಅಲುಗಲಿಲ್ಲ. ಆದರೂ ಈ ಘಟನೆಯು ಅಪಾಯವಿಶ್ಲೇಷಣೆಯ ವಿದ್ಯಾರ್ಥಿಗಳಿಗೆ ಒಂದು ಮುಖ್ಯ ಪ್ರಶ್ನೆಯನ್ನು ಒಡ್ಡುತ್ತದೆ. ಇಂಥ ರಚನೆಗಳಲ್ಲಿ ತಪಾಸಣೆ, ನಿರ್ವಹಣೆ, ಕಾವಲು, ಎಚ್ಚರಿಕೆಯ ಏರ್ಪಾಡು ಮೊದಲಾದ ಹಲವು ರಕ್ಷಣೆಗಳು ಇರುವುದೇ ವಾಡಿಕೆ. ಹೀಗಿರುವಾಗ ಒಂದು ಕೊಂಡಿಯ ಮುರಿತವು ಇಷ್ಟು ದೂರ ಹೇಗೆ ಸಾಗಿತು? ಈ ಪ್ರಶ್ನೆಯನ್ನು ಬೋ-ಟೈ ಚಿತ್ರ ಹಾಗೂ ರಕ್ಷಣಾಸ್ತರಗಳ ವಿಶ್ಲೇಷಣೆ ಎಂಬ ಎರಡು ಸಾಧನಗಳ ನೆರವಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಬೋ-ಟೈ ಎಂಬುದು ಕೊರಳಪಟ್ಟಿಯ ಮುಂದೆ ಕಟ್ಟುವ, ಚಿಟ್ಟೆಯಾಕಾರದ ಗಂಟು. ಚಿತ್ರದ ಆಕಾರವೂ ಅದೇ. ನಡುವಿನ ಗಂಟಿನಲ್ಲಿ ‘ಹಿಡಿತ ತಪ್ಪಿದ ಕ್ಷಣ’ವನ್ನು ಬರೆಯುತ್ತೇವೆ. ಎಡರೆಕ್ಕೆಯಲ್ಲಿ ಆ ಕ್ಷಣಕ್ಕೆ ಕಾರಣವಾಗಬಲ್ಲ ಸಂಗತಿಗಳು, ಬಲರೆಕ್ಕೆಯಲ್ಲಿ ಅದರಿಂದ ಒದಗಬಹುದಾದ ಪರಿಣಾಮಗಳು ಬರುತ್ತವೆ. ಪ್ರತಿಯೊಂದು ಕಾರಣದಿಂದ ಗಂಟಿಗೆ ಬರುವ ಗೆರೆಯ ಮೇಲೆ, ಹಾಗೆಯೇ ಗಂಟಿನಿಂದ ಪರಿಣಾಮಕ್ಕೆ ಹೋಗುವ ಗೆರೆಯ ಮೇಲೆ, ಅಡ್ಡಲಾಗಿ ತಡೆಗಳನ್ನು ಗುರುತಿಸುತ್ತೇವೆ. ಎಡಗಡೆಯ ತಡೆಗಳು ಘಟನೆಯನ್ನು ನಿವಾರಿಸುವಂಥವು, ಬಲಗಡೆಯವು ಘಟನೆ ನಡೆದುಹೋದ ಮೇಲೆ ಹಾನಿಯನ್ನು ತಗ್ಗಿಸುವಂಥವು.

ನಮ್ಮ ಉದಾಹರಣೆಯಲ್ಲಿ ಗಂಟು ಯಾವುದು? ‘ಅಣೆಕಟ್ಟು ಒಡೆಯುವುದು’ ಎಂದು ಬರೆದರೆ ತಪ್ಪಾಗುತ್ತದೆ. ಅದು ಬಲತುದಿಯಲ್ಲಿ ಬರಬಹುದಾದ ಒಂದು ಪರಿಣಾಮ. ‘ಕೊಂಡಿ ತುಂಡಾಗುವುದು’ ಎಂದು ಬರೆದರೂ ತಪ್ಪೇ, ಏಕೆಂದರೆ ಅದು ಎಡಗಡೆಯ ಕಾರಣಗಳಲ್ಲಿ ಒಂದು. ‘ಒಂದು ಗೇಟಿನ ದ್ವಾರದಲ್ಲಿ ನೀರಿನ ಮೇಲಣ ಹಿಡಿತ ತಪ್ಪುವುದು’ ಎಂಬುದೇ ಸರಿಯಾದ ಗಂಟು. ಇಷ್ಟನ್ನು ಸ್ಪಷ್ಟಪಡಿಸಿಕೊಂಡರೆ ಉಳಿದ ಚಿತ್ರವು ತಾನಾಗಿ ರೂಪುಗೊಳ್ಳುತ್ತದೆ. ಎಡಗಡೆಯಲ್ಲಿ ಕೊಂಡಿಯ ಸವೆತ ಮತ್ತು ತುಕ್ಕು, ಗೇಟು ತನ್ನ ಹಳಿಯಲ್ಲಿ ಸಿಕ್ಕಿಕೊಳ್ಳುವುದು, ತೇಲಿಬಂದ ಮರದ ಹೊಡೆತ ಇತ್ಯಾದಿ. ಬಲಗಡೆಯಲ್ಲಿ ಎರಡು ಮುಖ್ಯ ಪರಿಣಾಮಗಳು: ಕೆಳದಂಡೆಯ ಹಂಪಿ, ಕಂಪ್ಲಿ ಮೊದಲಾದ ಊರುಗಳಿಗೆ ಪ್ರವಾಹ, ಮತ್ತು ಕಾಲುವೆಗಳನ್ನು ನಂಬಿದ ಹೊಲಗಳಿಗೆ ಸಲ್ಲಬೇಕಾದ ನೀರಿನ ನಷ್ಟ.

3

ಚಿತ್ರವು ತಡೆಗಳನ್ನು ತೋರಿಸುತ್ತದೆಯೇ ಹೊರತು ಅವುಗಳ ಬೆಲೆಯನ್ನು ಹೇಳುವುದಿಲ್ಲ. ಬೆಲೆ ಕಟ್ಟುವುದು ರಕ್ಷಣಾಸ್ತರಗಳ ವಿಶ್ಲೇಷಣೆಯ ಕೆಲಸ. ರಾಸಾಯನಿಕ ಕಾರ್ಖಾನೆಗಳಲ್ಲಿ ಬೆಳೆದ ಈ ಕ್ರಮದ ಲೆಕ್ಕ ಸರಳವಾದುದು. ಮೂಲಕಾರಣವು ವರ್ಷಕ್ಕೆ ಎಷ್ಟು ಸಲ ತಲೆದೋರಬಹುದೆಂಬುದನ್ನು ಮೊದಲು ಅಂದಾಜು ಮಾಡಬೇಕು. ಬಳಿಕ ಪ್ರತಿಯೊಂದು ಸ್ತರವೂ ಬೇಕಾದ ಹೊತ್ತಿಗೆ ಕೈಕೊಡುವ ಸಂಭವವೆಷ್ಟೆಂದು ನಿಶ್ಚಯಿಸಿ, ಇವೆಲ್ಲವನ್ನೂ ಒಂದರಿಂದೊಂದು ಗುಣಿಸಬೇಕು. ಆದರೆ ಒಂದು ತಡೆಗೆ ಸ್ತರವೆಂಬ ಮಾನ್ಯತೆ ದೊರೆಯಬೇಕಾದರೆ ಮೂರು ನಿಬಂಧನೆಗಳಿವೆ. ಅದು ಒಂದೇ ಘಟನಾಸರಣಿಯನ್ನು ತಾನೊಂದೇ ತಡೆಯಬಲ್ಲುದಾಗಿರಬೇಕು. ಮೂಲಕಾರಣದಿಂದಲೂ ಇತರ ಸ್ತರಗಳಿಂದಲೂ ಸ್ವತಂತ್ರವಾಗಿರಬೇಕು. ಅದು ಕೆಲಸಮಾಡುವುದೆಂಬುದನ್ನು ಪರೀಕ್ಷಿಸಿ ನೋಡಲು ಸಾಧ್ಯವಿರಬೇಕು.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಇದರ ಅಂಕಿಗಳು ವಿವರಣೆಗಾಗಿ ನಾವು ಹಿಡಿದವು; ಅಳೆದು ಕಂಡುಕೊಂಡವಲ್ಲ. 33 ಗೇಟುಗಳಿರುವ ಹಳೆಯ ಅಣೆಕಟ್ಟೊಂದರಲ್ಲಿ 20 ವರ್ಷಕ್ಕೊಮ್ಮೆ ಯಾವುದಾದರೂ ಒಂದು ಕೊಂಡಿ ಮುರಿಯಬಹುದೆಂದು ಇಟ್ಟುಕೊಳ್ಳೋಣ. ಎಡರೆಕ್ಕೆಯಲ್ಲಿ ಮೂರು ತಡೆಗಳನ್ನು ಬರೆಯಲಾಗಿದೆ: ವರ್ಷಕ್ಕೊಮ್ಮೆ ತಪಾಸಣೆ, ಗ್ರೀಸು ಬಣ್ಣಗಳ ನಿರ್ವಹಣೆ, ಗೇಟಿನ ಕಾವಲುಗಾರನ ನಿಗಾ. ಪ್ರತಿಯೊಂದೂ ಹತ್ತರಲ್ಲಿ ಒಂದು ಸಲ ಮಾತ್ರ ಕೈಕೊಡುತ್ತದೆಂದು ಭಾವಿಸಿ ಗುಣಿಸಿದರೆ, ಗೇಟು ಹೋಗುವುದು 20,000 ವರ್ಷಕ್ಕೊಮ್ಮೆ ಎಂಬ ಉತ್ತರ ಬರುತ್ತದೆ. ಕಾಗದದ ಮೇಲೆ ಇದು ಬಹಳ ಸಮಾಧಾನಕರವಾದ ಅಂಕಿ.

ಈಗ ಮೂರು ನಿಬಂಧನೆಗಳನ್ನು ಅನ್ವಯಿಸೋಣ. ತಪಾಸಣೆ ಮತ್ತು ನಿರ್ವಹಣೆಗಳು ಮುರಿಯುತ್ತಿರುವ ಕೊಂಡಿಯನ್ನು ಹಿಡಿದು ನಿಲ್ಲಿಸಲಾರವು. ಕೊಂಡಿ ಎಷ್ಟು ವರ್ಷಕ್ಕೊಮ್ಮೆ ಮುರಿಯುತ್ತದೆಂಬುದನ್ನು ನಿರ್ಧರಿಸುವುದೇ ಅವುಗಳ ಗುಣಮಟ್ಟ. ಅಂದಮೇಲೆ ‘20 ವರ್ಷಕ್ಕೊಮ್ಮೆ’ ಎಂಬ ಅಂಕಿಯಲ್ಲಿ ಅವು ಆಗಲೇ ಸೇರಿಹೋಗಿವೆ. ಮತ್ತೊಮ್ಮೆ ಲೆಕ್ಕಕ್ಕೆ ತಂದರೆ ಒಂದೇ ಹಣವನ್ನು ಎರಡು ಸಲ ಜಮಾ ಮಾಡಿದಂತೆ. ಅಲ್ಲದೆ ಬಣ್ಣದ ಕೆಳಗಿನ ಬಿರುಕನ್ನಾಗಲಿ, ಕೊಂಡಿಯ ಒಳಗಿನ ದೋಷವನ್ನಾಗಲಿ ಬರಿಗಣ್ಣಿನ ತಪಾಸಣೆ ಕಾಣಲಾರದು. ಇನ್ನು ಕಾವಲುಗಾರನ ಮಾತು. ಕೊಂಡಿ ತುಂಡಾಗುವುದಕ್ಕೂ ಗೇಟು ಹೋಗುವುದಕ್ಕೂ ನಡುವೆ ಮನುಷ್ಯನು ನೋಡಿ, ನಿಶ್ಚಯಿಸಿ, ಕೈಯಾಡಿಸುವಷ್ಟು ಕಾಲವೇ ಇರುವುದಿಲ್ಲ. ಆದ್ದರಿಂದ ಈ ಸರಣಿಯಲ್ಲಿ ಅವನ ನಿಗಾಕ್ಕೂ ಬೆಲೆಯಿಲ್ಲ. ಹೀಗೆ ಮೂರು ತಡೆಗಳೂ ಬಿದ್ದುಹೋಗಿ, 20,000 ವರ್ಷವೆಂಬ ಉತ್ತರವು ಮತ್ತೆ 20 ವರ್ಷಕ್ಕೆ ಬಂದು ನಿಲ್ಲುತ್ತದೆ. ಕೊಂಡಿ ಹೋದರೂ ಗೇಟನ್ನು ತಾನೊಂದೇ ಹಿಡಿಯಬಲ್ಲ, ಬೇರೆ ಲೋಹದ, ಬೇರೆಯಾಗಿ ಪರೀಕ್ಷಿಸಬಹುದಾದ ಇನ್ನೊಂದು ಆಧಾರವಿದ್ದರೆ ಮಾತ್ರ 200 ವರ್ಷವೆಂದು ಹೇಳುವ ಹಕ್ಕು ನಮಗೆ ಬರುತ್ತದೆ.

ಇದರಿಂದ ತಪಾಸಣೆ ವ್ಯರ್ಥವೆಂದು ಯಾರೂ ತಿಳಿಯಬಾರದು. ಅದನ್ನು ಬಿಟ್ಟರೆ 20 ವರ್ಷವು 2 ವರ್ಷವಾದೀತು. ನಾವು ಹೇಳುವುದಿಷ್ಟೆ: ತಡೆಯನ್ನು ಸುಸ್ಥಿತಿಯಲ್ಲಿಡುವ ಕೆಲಸ ಬೇರೆ, ತಡೆಯೇ ಬೇರೆ.

4

ಬಲರೆಕ್ಕೆಯಲ್ಲಿ ಒಂದೇ ಗಂಟಿನಿಂದ ಹೊರಟ ಎರಡು ಗೆರೆಗಳಿಗೆ ಬೇರೆಬೇರೆ ತಡೆಗಳು ಬೇಕೆಂಬುದನ್ನು ಈ ಘಟನೆಯಲ್ಲಿ ಚೆನ್ನಾಗಿ ಕಾಣಬಹುದು. ಪ್ರವಾಹದ ಗೆರೆಯನ್ನು ಮೊದಲು ನೋಡೋಣ. ಹಂಪಿಯ ಪುರಂದರ ಮಂಟಪವನ್ನೂ ಕಂಪ್ಲಿಯ ಸೇತುವೆಯನ್ನೂ ಮುಳುಗಿಸುವ ಪ್ರವಾಹಗಳು ಈ ನದಿಗೆ ಹೊಸತಲ್ಲ. ನದಿಪಾತ್ರಕ್ಕೆ ಅಂಥ ನೀರನ್ನು ಸಾಗಿಸುವ ಶಕ್ತಿಯಿದೆ. ಒಂದು ದ್ವಾರದ ನೀರು ತಾನಾಗಿಯೇ ಆ ಪ್ರಮಾಣದ್ದಲ್ಲ. ನದಿತೀರದ ಜನರಿಗೆ ಮುನ್ನೆಚ್ಚರಿಕೆ ತಲಪಿದರೆ ಈ ಗೆರೆಯಲ್ಲಿ ಪ್ರಾಣಹಾನಿಯನ್ನು ತಡೆಯುವುದು ಸಾಧ್ಯ, ಹಾಗೆಯೇ ಆಯಿತು.

ನೀರಿನ ನಷ್ಟದ ಗೆರೆ ಇಷ್ಟು ಸುಲಭವಾದುದಲ್ಲ. ಗೇಟಿನ ತಳವಿರುವುದು 1613 ಅಡಿಗಳ ಮಟ್ಟದಲ್ಲಿ. ದ್ವಾರದಲ್ಲಿ ನೀರಿನ ಹರಿವು ತಾನಾಗಿ ನಿಲ್ಲಬೇಕಾದರೆ ಜಲಾಶಯವು ಆ ಮಟ್ಟಕ್ಕೆ ಇಳಿಯಬೇಕು. ತುಂಬಿದಾಗ ಸುಮಾರು 105 ಟಿ.ಎಂ.ಸಿ., ಎಂದರೆ 105 ಶತಕೋಟಿ ಘನ ಅಡಿ, ಹಿಡಿಯುವ ಜಲಾಶಯದಿಂದ ಇದಕ್ಕಾಗಿ 60 ಟಿ.ಎಂ.ಸಿ.ಯಷ್ಟು ನೀರನ್ನು ಕಳೆದುಕೊಳ್ಳಬೇಕಾಗುತ್ತಿತ್ತು. ಒಂದು ಲಕ್ಷ ಕ್ಯೂಸೆಕ್ಸ್ ಹರಿವು ಒಂದು ದಿನದಲ್ಲಿ 8.64 ಟಿ.ಎಂ.ಸಿ.ಯನ್ನು ಒಯ್ಯುತ್ತದೆ. ಉಳಿದ ಗೇಟುಗಳನ್ನು ತೆರೆದುದು ಒತ್ತಡವನ್ನು ತಗ್ಗಿಸಿ ದುರಸ್ತಿಗೆ ದಾರಿ ಮಾಡಿತು. ಆದರೆ ಅದೇ ಕ್ರಮವು ನೀರಿನ ನಷ್ಟವನ್ನು ಹೆಚ್ಚಿಸಿತು. ಒಂದು ಗೆರೆಯಲ್ಲಿ ತಡೆಯಾಗಿರುವುದು ಇನ್ನೊಂದು ಗೆರೆಯಲ್ಲಿ ಭಾರವಾಗಬಲ್ಲುದೆಂಬುದನ್ನು ಚಿತ್ರ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ನೀರಿನ ನಷ್ಟಕ್ಕೆ ನಿಜವಾದ ತಡೆಯೆಂದರೆ ದ್ವಾರವನ್ನು ಮುಚ್ಚುವ ಸ್ಟಾಪ್‌ಲಾಗ್, ಎಂದರೆ ಒಂದರ ಮೇಲೊಂದು ಕೂರಿಸಬಹುದಾದ ಉಕ್ಕಿನ ತೊಲೆಗಳ ಸಾಲು. ಅಂಥದು ಅಲ್ಲಿ ಸಿದ್ಧವಾಗಿರಲಿಲ್ಲ. ಇದ್ದಿದ್ದರೂ ಒಂದು ತೊಡಕಿತ್ತು. ಸ್ಟಾಪ್‌ಲಾಗನ್ನು ಸಾಮಾನ್ಯವಾಗಿ ಇಳಿಸುವುದು ಗೇಟು ಮುಚ್ಚಿರುವಾಗ, ಅದರ ಮುಂದಿನ ನಿಂತ ನೀರಿನಲ್ಲಿ, ದುರಸ್ತಿಯ ಸಲುವಾಗಿ. ಇಲ್ಲಿಯಾದರೋ ಗೇಟೇ ಇಲ್ಲದ ದ್ವಾರದಲ್ಲಿ ರಭಸವಾಗಿ ಹರಿಯುವ ನೀರಿಗೆ ಅದನ್ನು ಇಳಿಸಬೇಕಾಗಿತ್ತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಹೊಸಪೇಟೆಯ ಸುತ್ತಲಿನ ಕಾರ್ಖಾನೆಗಳಲ್ಲಿಯೂ ತೊಲೆಗಳು ಕೆಲವೇ ದಿನಗಳಲ್ಲಿ ತಯಾರಾದುವು. ಆಗಸ್ಟ್ 16ರಂದು ಮೊದಲನೆಯದನ್ನು ಹರಿಯುವ ನೀರಿನಲ್ಲೇ ಕೂರಿಸಲಾಯಿತು. 17ರಂದು ಐದು ತೊಲೆಗಳೂ ಕೂತು ಹರಿವು ನಿಂತಿತು. ಜಲಾಶಯದಲ್ಲಿ ಆಗ ಸುಮಾರು 70 ಟಿ.ಎಂ.ಸಿ. ನೀರು ಉಳಿದಿತ್ತು.

ಈ ಸಾಹಸವು ಪ್ರಶಂಸನೀಯವಾದುದು. ಆದರೆ ರಕ್ಷಣಾಸ್ತರಗಳ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ, ಏಕೆಂದರೆ ಅದನ್ನು ಮುಂಚೆ ಯಾರೂ ಪರೀಕ್ಷಿಸಿರಲಿಲ್ಲ. ಆಪತ್ಕಾಲದಲ್ಲಿ ತೋರಿಬಂದ ಕೌಶಲವನ್ನು ಮುಂದಿನ ಸಲವೂ ತಪ್ಪದೆ ಬರುವ ಸ್ತರವೆಂದು ಎಣಿಸಿದರೆ ಅದು ಲೆಕ್ಕವಲ್ಲ, ಹಾರೈಕೆ.

5

ಕೊನೆಯದಾಗಿ, ಹಿಂದಿನ ಅನುಭವದ ಅಂಕಿ ಎಷ್ಟರಮಟ್ಟಿಗೆ ನಂಬಬಹುದಾದುದೆಂದು ನೋಡಬೇಕು. 71 ವರ್ಷಗಳಲ್ಲಿ 33 ಗೇಟುಗಳು ಒಟ್ಟು 2,343 ಗೇಟು-ವರ್ಷ ದುಡಿದಿವೆ. ಅಷ್ಟು ಕಾಲದಲ್ಲಿ ಕೊಚ್ಚಿಹೋದುದು ಒಂದು. ಇದರಿಂದ ಒಂದು ಗೇಟಿಗೆ 2,343 ವರ್ಷಕ್ಕೊಮ್ಮೆ ಮಾತ್ರ ಅಪಾಯವೆಂದು ತೀರ್ಮಾನಿಸಿದರೆ ಎರಡು ತಪ್ಪುಗಳಾಗುತ್ತವೆ. ಮೊದಲನೆಯದಾಗಿ, ಸರಪಳಿಯ ಮೊದಲ ವರ್ಷಕ್ಕೂ ಎಪ್ಪತ್ತನೆಯ ವರ್ಷಕ್ಕೂ ಒಂದೇ ಸಂಭವವನ್ನು ಹಚ್ಚಿದಂತಾಗುತ್ತದೆ. ಸವೆಯುವ ವಸ್ತುವಿಗೆ ಇದು ಹೊಂದದು. ಎರಡನೆಯದಾಗಿ, 33 ಗೇಟುಗಳೂ ಒಂದೇ ಮಾದರಿಯವು, ಒಂದೇ ನೀರಿನಲ್ಲಿ ಮುದಿಯಾದವು. ಒಂದನ್ನು ಕೆಡವಿದ ಕಾರಣವು ಉಳಿದ 32ರಲ್ಲಿಯೂ ಇರಬಹುದು. ಇಂಥ ಸಮಾನ ಕಾರಣವಿರುವೆಡೆ ‘ಒಂದು ಹೋದರೆ ಇನ್ನೊಂದಿದೆ’ ಎಂಬ ಭರವಸೆ ಕುಗ್ಗುತ್ತದೆ.

ಘಟನೆಯ ಬಳಿಕ ತಜ್ಞರ ಸಮಿತಿಯು ಎಲ್ಲ 33 ಗೇಟುಗಳನ್ನೂ ಬದಲಾಯಿಸಬೇಕೆಂದು ಶಿಫಾರಸು ಮಾಡಿದುದು ಈ ತರ್ಕಕ್ಕೆ ಅನುಗುಣವಾಗಿಯೇ ಇದೆ. 2025ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಿಗೊಳಿಸಿದುದೂ ಅಷ್ಟೆ. ಗೇಟಿನ ಮೇಲಣ ಒತ್ತಡವು ನೀರಿನ ಆಳದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗೇಟಿಗೆ ಎದುರಾಗಿ ನಿಂತ ನೀರು 20 ಅಡಿಯಿಂದ 13 ಅಡಿಗೆ ಇಳಿದರೆ ಒತ್ತಡವು ಶೇಕಡ 42ಕ್ಕೆ ಇಳಿಯುತ್ತದೆ. ಇದು ತಡೆಗಳ ಸಾಲಿಗೆ ಇನ್ನೊಂದನ್ನು ಸೇರಿಸುವ ಕ್ರಮವಲ್ಲ; ಅಪಾಯದ ಮೂಲವನ್ನೇ ಕಿರಿದುಗೊಳಿಸುವ ಕ್ರಮ. ಆದಕಾರಣ ಅದು ಯಾವ ಕೊಂಡಿಯನ್ನೂ ಯಾವ ಕಾವಲುಗಾರನನ್ನೂ ಅವಲಂಬಿಸಿಲ್ಲ. ಅದರ ಬೆಲೆಯನ್ನು ತೆತ್ತವರು ಮಾತ್ರ ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾದಿದ್ದ ರೈತರು. ಬೋ-ಟೈ ಚಿತ್ರದ ಬಲತುದಿಯಲ್ಲಿ ಅವರ ಹೊಲವನ್ನೂ ಬರೆದಾಗಲೇ ಚಿತ್ರವು ಪೂರ್ಣವಾಗುತ್ತದೆ.