ಬೀದಿದೀಪ ಕೆಟ್ಟಾಗ ಅರ್ಜಿ ಬರೆಯುವ ಕ್ರಮ

ಬೀದಿದೀಪ ಕೆಟ್ಟರೆ ಬಾಯಲ್ಲಿ ಹೇಳಿ ಬರುವವರೇ ಹೆಚ್ಚು. ಹೇಳಿದ್ದಕ್ಕೆ ಕಚೇರಿಯಲ್ಲಿ ಗುರುತು ಉಳಿಯುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಹೋಗಿ ಕೇಳಿದರೆ "ಯಾರು ಹೇಳಿದಿರಿ, ಯಾವಾಗ ಹೇಳಿದಿರಿ?" ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಅರ್ಜಿಯನ್ನು ಬರೆದೇ ಕೊಡಬೇಕು. ಆದರೆ ಅರ್ಜಿ ಬರೆದ ಮಾತ್ರಕ್ಕೆ ದೀಪ ಹೊತ್ತುವುದಿಲ್ಲ. ಅದನ್ನು ಓದಿದ ಗುಮಾಸ್ತರಿಗೆ ಯಾರಿಗೆ ಕಳುಹಿಸಬೇಕೆಂದು ತಿಳಿಯಬೇಕು, ರಾತ್ರಿ ಏಣಿ ಹೊತ್ತು ಬರುವ ಕೆಲಸಗಾರನಿಗೆ ಯಾವ ಕಂಬವೆಂದು ತಿಳಿಯಬೇಕು. ಈ ಎರಡು ಕೆಲಸ ಮಾಡುವ ಅರ್ಜಿಯೇ ಒಳ್ಳೆಯ ಅರ್ಜಿ.

ಯಾರಿಗೆ ಬರೆಯಬೇಕು?

ದೀಪ ಯಾವ ಊರಿನದೋ ಆ ಊರಿನ ಸ್ಥಳೀಯ ಸಂಸ್ಥೆಗೆ ಬರೆಯಬೇಕು. ಜಾವಗಲ್ ಹೋಬಳಿಯ ಹಳ್ಳಿಯ ದೀಪವಾದರೆ ಆ ಹಳ್ಳಿ ಸೇರಿದ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಬರೆಯತಕ್ಕದ್ದು. ಬೇಲೂರು ಪೇಟೆಯ ದೀಪವಾದರೆ ಪುರಸಭೆಯ ಮುಖ್ಯಾಧಿಕಾರಿಗಳಿಗೆ, ಅರಸೀಕೆರೆ ಪೇಟೆಯದಾದರೆ ನಗರಸಭೆಯ ಪೌರಾಯುಕ್ತರಿಗೆ ಬರೆಯಬೇಕು. ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಮಾಡಿರುವ ರೈತರು ಇದನ್ನು ಗಮನಿಸಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲಿಂದ ಇಲ್ಲಿಗೆ ತಿರುಗುತ್ತಲೇ ತಿಂಗಳು ಕಳೆಯುತ್ತದೆ.

ಇನ್ನೊಂದು ವ್ಯತ್ಯಾಸವೂ ಉಂಟು. ಬೀದಿದೀಪ, ಅದರ ತೋಳು, ಹೊತ್ತಿಸುವ ಸ್ವಿಚ್ಚು ಇವುಗಳನ್ನು ನೋಡಿಕೊಳ್ಳುವುದು ಪಂಚಾಯಿತಿ ಅಥವಾ ಪುರಸಭೆ. ಕರೆಂಟು ಕೊಡುವ ಕಂಬ, ತಂತಿಗಳು ನಮ್ಮ ಹಾಸನ ಜಿಲ್ಲೆಯಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದವು. ಮನೆಗಳಲ್ಲೂ ದೀಪವಿಲ್ಲದಿದ್ದರೆ ಅದು ನಿಗಮದ ಕೆಲಸ. ತಂತಿ ಹರಿದು ಜೋತುಬಿದ್ದಿದ್ದರೆ ಅರ್ಜಿ ಬರೆಯುತ್ತ ಕೂರಬಾರದು. ಜನ, ದನ ಅತ್ತ ಸುಳಿಯದಂತೆ ಕಾವಲು ನಿಂತು, ಕೂಡಲೇ 1912ಕ್ಕೆ ದೂರವಾಣಿ ಮಾಡಬೇಕು.

ಬರೆಯುವ ಮೊದಲು ನೋಡಬೇಕಾದದ್ದು

ಸಂಜೆ ಕತ್ತಲಾದ ಮೇಲೆ ಬೀದಿಯ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆಯಿರಿ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯಿದ್ದರೆ ಗುರುತು ಹಾಕಿಕೊಳ್ಳಿ. ಸಂಖ್ಯೆ ಅಳಿಸಿದ್ದರೆ ಪಕ್ಕದ ಬಾವಿ, ಅರಳಿಕಟ್ಟೆ, ಹಿಟ್ಟಿನ ಗಿರಣಿ ಇಂಥ ಗುರುತನ್ನು ಬರೆದುಕೊಳ್ಳಿ. ದೀಪ ಹೇಗೆ ಕೆಟ್ಟಿದೆಯೆಂಬುದನ್ನೂ ನೋಡಿ. ಒಂದೇ ಕಂಬದ ದೀಪ ಆರಿದ್ದರೆ ಸಾಮಾನ್ಯವಾಗಿ ಆ ದೀಪವೇ ಕೆಟ್ಟಿರುತ್ತದೆ. ಒಂದು ಕಂಬದಿಂದಾಚೆಗೆ ಬೀದಿಯ ಕೊನೆಯವರೆಗೂ ಎಲ್ಲವೂ ಒಂದೇ ರಾತ್ರಿ ಆರಿದ್ದರೆ ದೀಪಗಳ ತಂತಿ ಅಲ್ಲಿ ಬಿಟ್ಟಿರುವ ಸಂಭವ ಹೆಚ್ಚು. ಇಡೀ ಬೀದಿಯೇ ಕತ್ತಲಾಗಿದ್ದರೆ ಸ್ವಿಚ್ಚಿನ ಪೆಟ್ಟಿಗೆಯ ಕಡೆ ಸಂದೇಹಪಡಬೇಕು. ಹೊತ್ತಿ ಹೊತ್ತಿ ಆರುವ ದೀಪದಲ್ಲಿ ಜೋಡಣೆ ಸಡಿಲವಾಗಿರಬಹುದು. ಕಾರಣ ಇದೇ ಎಂದು ನಾವು ತೀರ್ಪು ಕೊಡಬೇಕಾಗಿಲ್ಲ. ಕಂಡದ್ದನ್ನು ಬರೆದರೆ ಸಾಕು, ಕೆಲಸಗಾರ ಬೇಕಾದ ಸಾಮಾನು ಜೊತೆಗೆ ತರುತ್ತಾನೆ. ನೀವಾಗಿ ಕಂಬ ಹತ್ತಬೇಡಿ, ಪೆಟ್ಟಿಗೆ ತೆರೆಯಬೇಡಿ.

ತಿದ್ದಬೇಕಾದ ಅರ್ಜಿ

ಪೇಟೆಯ ಅಂಚಿನ ಒಂದು ಬೀದಿಯವರು ನಗರಸಭೆಗೆ ಬರೆದಂತೆ ಒಂದು ಮಾದರಿಯನ್ನು ಇಲ್ಲಿ ಕೊಟ್ಟಿದೆ. ಇದು ತಿಳಿವಳಿಕೆಗಾಗಿ ರಚಿಸಿದ್ದು, ಯಾವ ಊರಿನ ಕಚೇರಿಯನ್ನೂ ಕುರಿತದ್ದಲ್ಲ.

"ಘನತೆವೆತ್ತ ಸಾಹೇಬರ ಪಾದಗಳಿಗೆ ಬೇಡಿಕೊಳ್ಳುವುದೇನೆಂದರೆ, ನಮ್ಮ ಕೇರಿಯಲ್ಲಿ ಬಹಳ ದಿನದಿಂದ ಒಂದು ದೀಪವೂ ಉರಿಯುತ್ತಿಲ್ಲ. ನಿಮ್ಮ ಕಚೇರಿಯವರು ನಿದ್ದೆ ಮಾಡುತ್ತಿದ್ದಾರೆಯೇ? ನಾವು ಕಂದಾಯ ಕಟ್ಟುವುದು ನಿಮ್ಮ ಮನೆಯ ದೀಪ ಉರಿಯಲೆಂದೇ? ಚರಂಡಿಯೂ ತುಂಬಿದೆ, ನಲ್ಲಿಯಲ್ಲಿ ನೀರೂ ಬರುವುದಿಲ್ಲ. ಮೊನ್ನೆ ಒಬ್ಬರು ಬಿದ್ದು ಸತ್ತೇ ಹೋಗುತ್ತಿದ್ದರು. ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ಕೂಡಲೇ ಸರಿ ಮಾಡದಿದ್ದರೆ ಕಚೇರಿಗೆ ಬೀಗ ಹಾಕುತ್ತೇವೆ. ಬಡವರ ಮೇಲೆ ಕೃಪೆ ತೋರಬೇಕು."

ಬರೆದವರ ಕಷ್ಟ ನಿಜವಾದದ್ದು. ಆದರೆ ಈ ಅರ್ಜಿಯನ್ನು ಹಿಡಿದು ಯಾರೂ ಆ ಕಂಬದ ಬಳಿಗೆ ಬರಲಾರರು. ಏಕೆಂದು ಒಂದೊಂದಾಗಿ ನೋಡೋಣ.

ಮೊದಲನೆಯದು, "ಬಹಳ ದಿನದಿಂದ," "ಒಂದು ದೀಪವೂ," "ಎಷ್ಟು ಸಲ ಹೇಳಿದರೂ" ಎಂಬ ಮಾತುಗಳು. ಇವುಗಳಲ್ಲಿ ದಿನಾಂಕವಿಲ್ಲ, ಲೆಕ್ಕವಿಲ್ಲ, ಬೀದಿಯ ಹೆಸರೂ ಇಲ್ಲ. ಇಡೀ ಕೇರಿಯೇ ಕತ್ತಲೆಂದು ಬರೆದ ಮೇಲೆ, ನೋಡಲು ಬಂದವರಿಗೆ ಎರಡು ದೀಪ ಉರಿಯುವುದು ಕಂಡರೆ "ಸುಳ್ಳು ದೂರು" ಎಂದು ಷರಾ ಬರೆಯಲು ದಾರಿಯಾಗುತ್ತದೆ. ನಾಲ್ಕು ಕೆಟ್ಟಿದ್ದರೆ ನಾಲ್ಕೆಂದೇ ಬರೆಯಬೇಕು.

ಎರಡನೆಯದು, ಮೂರು ದೂರುಗಳು ಒಂದರಲ್ಲಿ ಸೇರಿವೆ. ದೀಪ ನೋಡುವವರು ಒಬ್ಬರು, ಚರಂಡಿ ನೋಡುವವರು ಒಬ್ಬರು, ನೀರು ಬಿಡುವವರು ಮತ್ತೊಬ್ಬರು. ಒಂದು ಕಾಗದ ಒಂದೇ ಮೇಜಿಗೆ ಹೋಗುತ್ತದೆ, ಉಳಿದ ಎರಡು ಮಾತು ಅಲ್ಲಿಯೇ ಮಲಗುತ್ತವೆ. ಒಂದು ವಿಷಯಕ್ಕೆ ಒಂದು ಅರ್ಜಿ ಎಂಬುದೇ ಸರಿಯಾದ ಕ್ರಮ.

ಮೂರನೆಯದು ಮಾತಿನ ಧಾಟಿ. ಮೊದಲ ಸಾಲಿನಲ್ಲಿ ಪಾದಕ್ಕೆ ಬಿದ್ದವರು ಎರಡು ಸಾಲು ಕಳೆಯುವಷ್ಟರಲ್ಲಿ ಬೈದಿದ್ದಾರೆ, ಬೀಗ ಹಾಕುತ್ತೇವೆಂದಿದ್ದಾರೆ, ಕೊನೆಗೆ ಮತ್ತೆ ಕೃಪೆ ಬೇಡಿದ್ದಾರೆ. ಇವೆರಡೂ ಬೇಡ. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ 87ನೆಯ ಪ್ರಕರಣದಲ್ಲಿ ಸಾರ್ವಜನಿಕ ಬೀದಿಗಳಿಗೆ ದೀಪ ಹಾಕಿಸುವುದನ್ನು ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. 1993ರ ಪಂಚಾಯತ್ ರಾಜ್ ಕಾಯಿದೆಯು ಹಳ್ಳಿಯ ಬೀದಿದೀಪದ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆ. ಕರ್ತವ್ಯವಾದ ಕೆಲಸವನ್ನು ಭಿಕ್ಷೆಯಂತೆ ಬೇಡಬೇಕಾಗಿಲ್ಲ. ಬೈದರೆ ಓದುವವರ ಗಮನ ಕೆಟ್ಟ ದೀಪವನ್ನು ಬಿಟ್ಟು ಬೈಗುಳದ ಮೇಲೆ ನಿಲ್ಲುತ್ತದೆ. ಅವರ ಉತ್ತರವೂ ಅದಕ್ಕೇ ಬರುತ್ತದೆ.

ನಾಲ್ಕನೆಯದು, "ಸತ್ತೇ ಹೋಗುತ್ತಿದ್ದರು" ಎಂಬ ಮಾತು. ನಡೆದದ್ದು ಗಂಭೀರವಾದದ್ದೇ. ಎಂದು, ಎಲ್ಲಿ, ಏನು ಪೆಟ್ಟಾಯಿತು ಎಂಬುದನ್ನು ಹಾಗೆಯೇ ಬರೆದರೆ ಅದರ ತೂಕ ಹೆಚ್ಚುತ್ತದೆ.

ತಿದ್ದಿದ ಅರ್ಜಿ

ದಿನಾಂಕ: ಜೂನ್ 8
ಇವರಿಂದ: ಬಾವಿಕಟ್ಟೆ ಬೀದಿಯ ನಿವಾಸಿಗಳು, 7ನೆಯ ವಾರ್ಡು (ಹೆಸರು, ವಿಳಾಸ, ದೂರವಾಣಿ ಕೊನೆಯಲ್ಲಿದೆ)
ಇವರಿಗೆ: ಪೌರಾಯುಕ್ತರು, ನಗರಸಭೆ, ………

ಮಾನ್ಯರೆ,

ವಿಷಯ: 7ನೆಯ ವಾರ್ಡು ಬಾವಿಕಟ್ಟೆ ಬೀದಿಯ ಐದು ಬೀದಿದೀಪಗಳನ್ನು ಸರಿಪಡಿಸುವ ಬಗ್ಗೆ.
ಉಲ್ಲೇಖ: ಜೂನ್ 2ರಂದು ಕಚೇರಿಯ ದೂರು ಪುಸ್ತಕದಲ್ಲಿ ಬರೆಸಿದ ದೂರು.

ನಮ್ಮ ಬೀದಿಯ 12, 13, 14 ಮತ್ತು 15ನೆಯ ಸಂಖ್ಯೆಯ ಕಂಬಗಳ ದೀಪಗಳು ಮೇ 20ರ ರಾತ್ರಿ ಒಟ್ಟಿಗೆ ಆರಿದವು. ಅಂದಿನಿಂದ ಉರಿದಿಲ್ಲ. 11ನೆಯ ಕಂಬದವರೆಗೆ ದೀಪಗಳಿವೆ, ಮನೆಗಳಲ್ಲಿಯೂ ಕರೆಂಟು ಸರಿಯಾಗಿದೆ. ಇದಲ್ಲದೆ ಹಿಟ್ಟಿನ ಗಿರಣಿಯ ಮುಂದಿನ 6ನೆಯ ಕಂಬದ ದೀಪ ಹೊತ್ತಿ ಹೊತ್ತಿ ಆರುತ್ತಿದೆ.

13 ಮತ್ತು 14ನೆಯ ಕಂಬಗಳ ನಡುವೆ ತೆರೆದ ಚರಂಡಿಯಿದೆ. ಜೂನ್ 5ರ ಸಂಜೆ ಏಳೂವರೆ ಗಂಟೆಗೆ ಈ ಬೀದಿಯ ಹಿರಿಯರೊಬ್ಬರು ಕತ್ತಲೆಯಲ್ಲಿ ಅದರೊಳಗೆ ಬಿದ್ದು ಅವರ ಬಲಗೈ ಮೂಳೆ ಮುರಿದಿದೆ. ಪಾಠಕ್ಕೆ ಹೋದ ಮಕ್ಕಳು ರಾತ್ರಿ ಎಂಟು ಗಂಟೆಗೆ ಇದೇ ದಾರಿಯಲ್ಲಿ ಬರುತ್ತಾರೆ.

ಆದ್ದರಿಂದ ಈ ಐದು ದೀಪಗಳನ್ನು ಏಳು ದಿನಗಳೊಳಗೆ ಸರಿಪಡಿಸಿ, ತೆಗೆದುಕೊಂಡ ಕ್ರಮವನ್ನು ನಮಗೆ ತಿಳಿಸಬೇಕೆಂದು ಕೋರುತ್ತೇವೆ. ಕೆಲಸಗಾರರು ಬಂದಾಗ ಜಾಗ ತೋರಿಸಲು ನಮ್ಮಲ್ಲೊಬ್ಬರು ಇರುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು
(ಸಹಿ, ಹೆಸರು, ಮನೆ ಸಂಖ್ಯೆ, ದೂರವಾಣಿ)

ಈ ಅರ್ಜಿಯಲ್ಲಿ ವಿಷಯದ ಸಾಲೊಂದನ್ನು ಓದಿದರೇ ಅದು ಯಾರ ಮೇಜಿಗೆ ಹೋಗಬೇಕೆಂದು ತಿಳಿಯುತ್ತದೆ. ಮೊದಲ ಭಾಗದಲ್ಲಿ ಏನು ಕೆಟ್ಟಿದೆ, ಎರಡನೆಯದರಲ್ಲಿ ಅದರಿಂದ ಏನಾಯಿತು, ಮೂರನೆಯದರಲ್ಲಿ ಏನು ಬೇಕು ಎಂಬುದಿದೆ. ಚರಂಡಿಯ ಮಾತು ಇಲ್ಲಿಯೂ ಬಂದಿದೆ, ಆದರೆ ದೀಪದ ಅಗತ್ಯವನ್ನು ತೋರಿಸುವುದಕ್ಕಾಗಿ ಮಾತ್ರ. ಅದನ್ನು ಮುಚ್ಚಿಸಬೇಕಾದರೆ ಬೇರೆ ಅರ್ಜಿ ಕೊಡಬೇಕು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂಬ ಉದ್ದ ಸಾಲನ್ನು ಬಿಟ್ಟಿದೆ. ಅದರಿಂದ ಮರ್ಯಾದೆ ಕಡಿಮೆಯಾಗಿಲ್ಲ. "ಮಾನ್ಯರೆ," "ತಾವು," "ಕೋರುತ್ತೇವೆ" ಎಂಬಷ್ಟರಲ್ಲಿ ಬೇಕಾದ ಗೌರವ ಇದೆ.

ಕೊಟ್ಟ ಮೇಲೆ

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸಂಖ್ಯೆ ಹಾಕಿಸಿಕೊಂಡು ಮನೆಗೆ ತನ್ನಿ. ದಾರಿಯಲ್ಲಿ ಸಿಕ್ಕ ನೌಕರರ ಕೈಗೆ ಕೊಟ್ಟ ಅರ್ಜಿ ಕೊಡದ ಹಾಗೆಯೇ. ಅಂಚೆಯಲ್ಲಿ ಕಳುಹಿಸುವುದಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿ ಇಟ್ಟುಕೊಳ್ಳಿ.

ಹೇಳಿದ ಗಡುವು ಮುಗಿದರೂ ದೀಪ ಹೊತ್ತದಿದ್ದರೆ ಹೊಸದಾಗಿ ಕಥೆ ಬರೆಯಬೇಡಿ. ಉಲ್ಲೇಖದ ಜಾಗದಲ್ಲಿ ಮೊದಲ ಅರ್ಜಿಯ ಸಂಖ್ಯೆ, ದಿನಾಂಕ ಬರೆದು, "12ರಿಂದ 15ನೆಯ ಕಂಬಗಳ ದೀಪಗಳು ಇಂದಿನವರೆಗೂ ಉರಿದಿಲ್ಲ. 6ನೆಯದನ್ನು ಸರಿಪಡಿಸಿದ್ದಾರೆ" ಎಂದು ನಾಲ್ಕು ಸಾಲಿನ ಜ್ಞಾಪನ ಪತ್ರ ಕೊಡಿ. ಆದ ಕೆಲಸವನ್ನು ಆಯಿತೆಂದು ಒಪ್ಪಿ ಬರೆದರೆ ಆಗದ ಕೆಲಸದ ಮಾತಿಗೆ ಬೆಲೆ ಬರುತ್ತದೆ. ಹಳ್ಳಿಯಾದರೆ ಇದೇ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಬಹುದು. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು, ಇಂಥ ಸಂಖ್ಯೆಯ ಅರ್ಜಿಯ ಮೇಲೆ ಏನು ಕ್ರಮ ಆಗಿದೆಯೆಂದು ಕೇಳಬಹುದು. ಅದಕ್ಕೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಇದೆಲ್ಲಕ್ಕೂ ಮೊಹರು ಬಿದ್ದ ಆ ಪ್ರತಿಯೇ ಆಧಾರ. ಅದನ್ನು ಪಹಣಿ, ಕಂದಾಯದ ರಸೀತಿಗಳ ಜೊತೆಯಲ್ಲಿಯೇ ಜೋಪಾನವಾಗಿಡಿ.